ಮೈಗೆ ಹತ್ತಿದ ಅರಿಶಿನ

ಅನುವಾದಕರ ತಪ್ಪುಗಳು ಸಾಮಾನ್ಯವಾಗಿ ಯಾರ ಪ್ರಾಣಕ್ಕೂ ಬರುವುದಿಲ್ಲ. ಒಂದು ಕ್ರಿಯಾಪದ ಜಾರಿದರೆ ಓದುಗ ಗೊಣಗುತ್ತಾನೆ, ಸಂಪಾದಕರು ತಿದ್ದುತ್ತಾರೆ, ಲೋಕ ಮುಂದಕ್ಕೆ ಹೋಗುತ್ತದೆ. ನಾನು ಎರಡು ವರ್ಷದ ಹಿಂದೆ ಮಾಡಿದ ಒಂದು ಅನುವಾದ ಮಾತ್ರ ಹಾಗೆ ಮರೆತುಹೋಗುತ್ತಿಲ್ಲ. ಅದು ಅರಿಶಿನದ ಕ್ಯಾಪ್ಸೂಲಿನ ಡಬ್ಬಿಯೊಳಗೆ ಇಡುವ ಒಂದು ಮಡಿಕೆ ಕಾಗದ. ಇಂಗ್ಲಿಷಿನಿಂದ ಕನ್ನಡಕ್ಕೆ, ಮುನ್ನೂರು ಚಿಲ್ಲರೆ ಪದ, ಪದಕ್ಕಿಷ್ಟು ಎಂದು ದರ. ಏಜೆನ್ಸಿಯಿಂದ ಬಂತು, ಡೊಂಬಿವಲಿ ಎಂಐಡಿಸಿಯ ನನ್ನ ಬಾಡಿಗೆ ಮನೆಯ ಮೇಜಿನ ಮೇಲೆ ಒಂದು ಮಧ್ಯಾಹ್ನದಲ್ಲಿ ಮುಗಿಯಿತು.

ಆ ಕಾಗದದ ಮುಖ್ಯ ವಾಕ್ಯ ಇಷ್ಟೇ: ಈ ಕ್ಯಾಪ್ಸೂಲಿನಲ್ಲಿ ಕಾಳುಮೆಣಸಿನ ಸಾರ ಇರುವುದರಿಂದ ಕರ್ಕ್ಯುಮಿನ್ ಇಪ್ಪತ್ತು ಪಟ್ಟು ಹೆಚ್ಚು ರಕ್ತಕ್ಕೆ ಸೇರುತ್ತದೆ. 'ಜೈವಿಕ ಲಭ್ಯತೆ' ಎಂದು ಬರೆದರೆ ಯಾರಿಗೆ ಅರ್ಥವಾದೀತು? 'ಹೀರಿಕೆ' ಎಂದರೆ ಬಟ್ಟೆ ಒರೆಸಿದ ಹಾಗೆ ಕೇಳಿಸುತ್ತದೆ. ಯೋಚಿಸಿ ಯೋಚಿಸಿ ನಾನು ಬರೆದದ್ದು 'ಇಪ್ಪತ್ತು ಪಟ್ಟು ಹೆಚ್ಚು ಮೈಗೆ ಹತ್ತುತ್ತದೆ'. ಏಜೆನ್ಸಿಯವರು ಮೆಚ್ಚಿ ಮೇಲ್ ಬರೆದರು. ನನಗೂ ಹೆಮ್ಮೆಯಾಯಿತು.

ಆದರೆ ಕನ್ನಡದಲ್ಲಿ ಮೈಗೆ ಹತ್ತುವುದು ಎಂದರೇನು? ಹಾಲು ಮೈಗೆ ಹತ್ತುತ್ತದೆ, ತುಪ್ಪ ಮೈಗೆ ಹತ್ತುತ್ತದೆ, ತಾಯಿ ಕೈಯ ಊಟ ಮೈಗೆ ಹತ್ತುತ್ತದೆ. ವಿಷ ಮೈಗೆ ಹತ್ತಿತು ಎಂದು ನಾವು ಹೇಳುವುದಿಲ್ಲ, ವಿಷ ಏರಿತು ಎನ್ನುತ್ತೇವೆ. ಒಂದು ವಸ್ತು ರಕ್ತಕ್ಕೆ ಸೇರುವುದು ಬೇರೆ, ಅದರಿಂದ ಒಳ್ಳೆಯದಾಗುವುದು ಬೇರೆ. ನನ್ನ ನುಡಿಗಟ್ಟು ಆ ಎರಡನ್ನೂ ಬೆಸೆದುಬಿಟ್ಟಿತು. ಭಾಷಾವಿಜ್ಞಾನದಲ್ಲಿ ಎಂಎ ಮಾಡಿದವರಿಗೆ ಇದು ಹೊಳೆಯಬೇಕಿತ್ತು. ಮೂಲದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು: ಬೇರೆ ಔಷಧಿ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳಿ ಸೇವಿಸಬೇಕು. ಕನ್ನಡ ಅಕ್ಷರಗಳಿಗೆ ಜಾಗ ಹೆಚ್ಚು ಬೇಕಾಗುತ್ತದೆ, ಆ ಸಾಲನ್ನು ಬಿಡೋಣ ಎಂದರು. ನಾನು ಸರಿ ಎಂದೆ. ನನ್ನ ಬಿಲ್ಲಿನಿಂದ ಅಷ್ಟು ಪದಗಳು ಕಡಿಮೆಯಾದವು.

ಈ ಲೇಖನ ಆ ಬಿಟ್ಟುಹೋದ ಸಾಲಿನ ಬಗ್ಗೆ.

ಕಲ್ಯಾಣದಲ್ಲಿ ನನ್ನ ಮೌಶಿ ಇದ್ದಾಳೆ, ತಾಯಿಯ ತಂಗಿ. ಧಾರವಾಡದ ಕಡೆಯವಳು, ಮದುವೆಯಾಗಿ ಬಂದು ಮೂವತ್ತೈದು ವರ್ಷವಾಯಿತು. ಮಂಡಿನೋವು. ಕಳೆದ ದಸರೆಯ ಹೊತ್ತಿಗೆ ಯಾರೋ ಹೇಳಿದರೆಂದು ಅರಿಶಿನದ ಕ್ಯಾಪ್ಸೂಲು ಶುರುಮಾಡಿದಳು, ಬೆಳಿಗ್ಗೆ ಒಂದು, ರಾತ್ರಿ ಒಂದು. ನಾನು ಅನುವಾದಿಸಿದ ಕಂಪನಿಯದಲ್ಲ, ಬೇರೆಯದು. ಆದರೆ ಡಬ್ಬಿಯ ಮೇಲಿನ ಮಾತು ಅದೇ. ಡಿಸೆಂಬರ್ ಕೊನೆಗೆ ಸುಸ್ತು, ಊಟ ಸೇರದು, ರಾತ್ರಿ ಅಂಗೈ ಅಂಗಾಲು ತುರಿಕೆ. ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿತ್ತು, ನೀರು ಕಡಿಮೆ ಕುಡಿದಿರಬೇಕೆಂದು ಆಕೆ ಸುಮ್ಮನಿದ್ದಳು. ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಪಕ್ಕದ ಮನೆಗೆ ಹೋದಾಗ, ಕುಂಕುಮ ಹಚ್ಚಲು ಮುಖ ಎತ್ತಿ ಹಿಡಿದ ಆ ಮನೆಯಾಕೆ ಬೆಳಕಿನಲ್ಲಿ ಕಣ್ಣು ನೋಡಿ ಗಾಬರಿಯಾದಳು. ಬಿಳಿ ಗುಡ್ಡೆ ಪೂರ್ತಿ ಹಳದಿ. ನಮ್ಮ ಭಾಷೆಯಲ್ಲಿ ಆ ರೋಗದ ಹೆಸರೇ ಅರಿಶಿನ ಕಾಮಾಲೆ.

ರಕ್ತಪರೀಕ್ಷೆಯಲ್ಲಿ ಬಿಲಿರುಬಿನ್ 8.6, ಇರಬೇಕಾದದ್ದು ಸುಮಾರು ಒಂದರೊಳಗೆ. ಎಸ್‌ಜಿಪಿಟಿ 1,240, ಇರಬೇಕಾದದ್ದು ನಲವತ್ತರ ಆಸುಪಾಸು. ಎಸ್‌ಜಿಪಿಟಿ ಯಕೃತ್ತಿನ ಜೀವಕೋಶದೊಳಗೆ ಇರಬೇಕಾದ ಕಿಣ್ವ. ಜೀವಕೋಶ ಒಡೆದಾಗ ರಕ್ತಕ್ಕೆ ಚೆಲ್ಲುತ್ತದೆ. ಇಷ್ಟು ದೊಡ್ಡ ಅಂಕಿ ಬಂದರೆ ನಮ್ಮ ದೇಶದಲ್ಲಿ ಮೊದಲು ಅನುಮಾನ ಪಡಬೇಕಾದದ್ದು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ. ಎರಡೂ ಇರಲಿಲ್ಲ. ಬಿ, ಸಿ ಕೂಡ ಇರಲಿಲ್ಲ. ಸ್ಕ್ಯಾನಿನಲ್ಲಿ ಪಿತ್ತಕೋಶದ ಕಲ್ಲು ಇರಲಿಲ್ಲ. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿ ಇದ್ದದ್ದು ಸಮಾಧಾನ. ಅದು ಕೆಟ್ಟಿದ್ದರೆ ಯಕೃತ್ತು ಕೈಬಿಡುತ್ತಿದೆ ಎಂದರ್ಥ.

ವೈದ್ಯರು ಏನೇನು ಔಷಧಿ ತಗೋತೀರಿ ಎಂದು ಕೇಳಿದರು. ಒಂಬತ್ತು ವರ್ಷದಿಂದ ತಗೊಳ್ಳುತ್ತಿರುವ ಬಿಪಿ ಗುಳಿಗೆ ಒಂದೇ ಎಂದಳು. ಎರಡನೆಯ ದಿನ ಮತ್ತೆ ಕೇಳಿದರು, ಈ ಸಲ ಬೇರೆ ರೀತಿ: ಅಂಗಡಿಯಿಂದ ತಂದು ನುಂಗುವುದು ಬೇರೆ ಏನಾದರೂ ಇದೆಯೇ? ಆಗ ಡಬ್ಬಿ ಹೊರಬಿತ್ತು. ನಾನು ಹೊರಗೆ ಬಂದಮೇಲೆ ರೇಗಿದೆ, ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು. ಮೌಶಿ ನನ್ನನ್ನೇ ವಿಚಿತ್ರವಾಗಿ ನೋಡಿ ಹೇಳಿದಳು: "ಔಷಧ ಏನ್ ತಗೋತೀರಿ ಅಂತ ಕೇಳಿದ್ರು. ಅದೇನ್ ಔಷಧಾನ? ಅರಿಷಿಣ ಅದು."

ಆಕೆಯ ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಡಬ್ಬಿಯ ಮೇಲೆ ಕಾನೂನಿನ ಪ್ರಕಾರವೇ 'ಔಷಧೀಯ ಬಳಕೆಗಲ್ಲ' ಎಂದು ಇಂಗ್ಲಿಷಿನಲ್ಲಿ ಮುದ್ರಿಸಿರುತ್ತಾರೆ. ಔಷಧಿಯಲ್ಲ ಎಂದು ಬರೆದದ್ದನ್ನು ಆಕೆ ಔಷಧಿ ಎಂದು ಯಾಕೆ ಹೇಳಬೇಕು?

ಕ್ಯಾಪ್ಸೂಲು ನಿಲ್ಲಿಸಿದರು, ಬಿಪಿ ಗುಳಿಗೆ ಮುಂದುವರಿಸಿದರು. ಹತ್ತು ದಿನದಲ್ಲಿ ಎಸ್‌ಜಿಪಿಟಿ ಅರ್ಧಕ್ಕಿಳಿಯಿತು, ಆರನೆಯ ವಾರಕ್ಕೆ ನೂರರೊಳಗೆ ಬಂತು, ಮೂರನೆಯ ತಿಂಗಳಿಗೆ ಮಾಮೂಲಾಯಿತು. ಅರಿಶಿನವೇ ಕಾರಣ ಎಂದು ಖಚಿತವಾಗಿ ತೋರಿಸುವ ರಕ್ತಪರೀಕ್ಷೆ ಯಾವುದೂ ಇಲ್ಲ ಎಂದು ವೈದ್ಯರು ಪ್ರಾಮಾಣಿಕವಾಗಿ ಹೇಳಿದರು. ಬೇರೆ ಕಾರಣಗಳನ್ನು ಒಂದೊಂದಾಗಿ ಬದಿಗೆ ಸರಿಸುವುದು, ಶುರುಮಾಡಿದ್ದಕ್ಕೂ ಕಾಯಿಲೆಗೂ ನಡುವಿನ ದಿನ ಎಣಿಸುವುದು, ನಿಲ್ಲಿಸಿದ ಮೇಲೆ ಇಳಿಯುತ್ತದೆಯೇ ನೋಡುವುದು. ರೋಗನಿರ್ಣಯ ಅಷ್ಟೇ. ಮತ್ತೆ ಕೊಟ್ಟು ನೋಡಿದರೆ ಖಾತ್ರಿಯಾಗುತ್ತದೆ, ಆದರೆ ಆ ಪ್ರಯೋಗವನ್ನು ಬುದ್ಧಿ ಇದ್ದವರು ಮಾಡುವುದಿಲ್ಲ.

ಈಗ ಮೂಲಕ್ಕೆ ಹೋಗೋಣ. ಮೆಣಸನ್ನು ಅರಿಶಿನಕ್ಕೆ ಯಾಕೆ ಸೇರಿಸಿದರು?

ಅರಿಶಿನದ ಹಳದಿಗೆ ಕಾರಣವಾದ ವಸ್ತು ಕರ್ಕ್ಯುಮಿನ್ ಮತ್ತು ಅದರ ಇಬ್ಬರು ದಾಯಾದಿಗಳು. ಇದು ನೀರಿನಲ್ಲಿ ಕರಗುವುದಿಲ್ಲ. ನುಂಗಿದ್ದರಲ್ಲಿ ಬಹುಪಾಲು ಕರುಳಿನ ದಾರಿಯಲ್ಲೇ ಹೊರಗೆ ಹೋಗುತ್ತದೆ. ಒಳಗೆ ಸೇರಿದ ಅಲ್ಪಸ್ವಲ್ಪವನ್ನೂ ಕರುಳಿನ ಗೋಡೆ ಮತ್ತು ಯಕೃತ್ತು ಸುಮ್ಮನೆ ಬಿಡುವುದಿಲ್ಲ. ಅದಕ್ಕೆ ಗ್ಲುಕುರೋನಿಕ್ ಆಮ್ಲದ ಒಂದು ಬಾಲ ಅಂಟಿಸಿ ನೀರಿನಲ್ಲಿ ಕರಗುವಂತೆ ಮಾಡಿ ಆಚೆ ಕಳಿಸುತ್ತವೆ. ಹೊರಗಿನಿಂದ ಬಂದ ನೂರಾರು ವಸ್ತುಗಳಿಗೆ ದೇಹ ಮಾಡುವ ಉಪಚಾರ ಇದೇ. ನಮ್ಮ ಕಡೆಯ ಟೋಲ್ ನಾಕಾದಂತೆ ಎಂದುಕೊಳ್ಳಿ. ಪ್ರತಿ ಗಾಡಿಯನ್ನೂ ನಿಲ್ಲಿಸಿ, ಚೀಟಿ ಅಂಟಿಸಿ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ತಿರುಗಿಸುತ್ತಾರೆ.

ಕಾಳುಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಈ ನಾಕಾದ ಸಿಬ್ಬಂದಿಯ ಕೈ ಕಟ್ಟಿಹಾಕುತ್ತದೆ. ಬಾಲ ಅಂಟಿಸುವ ಕಿಣ್ವವನ್ನು ತಡೆಯುತ್ತದೆ. ಔಷಧಿಗಳನ್ನು ಒಡೆಯುವ ಸಿವೈಪಿ3ಎ4 ಎಂಬ ಕಿಣ್ವವನ್ನೂ, ಕರುಳಿನ ಜೀವಕೋಶಕ್ಕೆ ನುಗ್ಗಿದ್ದನ್ನು ಹಿಡಿದು ಹೊರಗೆ ತಳ್ಳುವ ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪನ್ನೂ ತಡೆಯುತ್ತದೆ. ಕ್ಯಾಪ್ಸೂಲಿನ ಪರಿಭಾಷೆಯಲ್ಲಿ ಇದು 'ಹೀರಿಕೊಳ್ಳಲು ಸಹಾಯ'. ದೇಹದ ಕಡೆಯಿಂದ ನೋಡಿದರೆ ಕಾವಲುಗಾರನನ್ನು ಕಟ್ಟಿಹಾಕಿದ್ದು.

ಡಬ್ಬಿಗಳ ಮೇಲೆ ಕಾಣುವ '2000 ಪ್ರತಿಶತ' ಎಲ್ಲಿಂದ ಬಂತು ಗೊತ್ತೇ? ನಮ್ಮ ಬೆಂಗಳೂರಿನಿಂದ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದ ಜಿ. ಶೋಬಾ ಮತ್ತು ಸಂಗಡಿಗರು 1998ರಲ್ಲಿ 'ಪ್ಲಾಂಟಾ ಮೆಡಿಕಾ' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ. ಲೇಖಕರಲ್ಲಿ ಒಬ್ಬರು ಮುಹಮ್ಮದ್ ಮಜೀದ್. ಅವರು ಸ್ಥಾಪಿಸಿದ ಸಂಸ್ಥೆ ಪೈಪರಿನ್ ಸಾರವನ್ನು ನೋಂದಾಯಿತ ಹೆಸರಿನಲ್ಲಿ ಜಗತ್ತಿಗೆಲ್ಲ ಮಾರುತ್ತದೆ. ಪ್ರಬಂಧದಲ್ಲಿ ಮುಚ್ಚುಮರೆ ಏನಿಲ್ಲ. ಆರೋಗ್ಯವಂತ ಸ್ವಯಂಸೇವಕರ ಒಂದು ಸಣ್ಣ ಗುಂಪಿಗೆ ಎರಡು ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಅದು ಪತ್ತೆಯಾಗಲೇ ಇಲ್ಲ, ಅಥವಾ ಅತ್ಯಲ್ಪ ಪತ್ತೆಯಾಯಿತು. ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಮಟ್ಟ ಬಹಳ ಏರಿತು. ಲೆಕ್ಕ ಹಾಕಿದರೆ 2000 ಪ್ರತಿಶತ. ಇಲಿಗಳಲ್ಲಿ ಅದೇ ಏರಿಕೆ 154 ಪ್ರತಿಶತ ಮಾತ್ರ.

ಒಂದು ಡೋಸು, ಮೊದಲ ಒಂದು ಗಂಟೆ, ಕೆಲವು ಜನ. ಅವರು ಕೇಳಿದ ಪ್ರಶ್ನೆ ರಕ್ತಕ್ಕೆ ಎಷ್ಟು ಸೇರುತ್ತದೆ ಎಂಬುದು. ಮಂಡಿನೋವು ಹೋಗುತ್ತದೆಯೇ ಎಂದು ಅವರು ನೋಡಲಿಲ್ಲ. ಮೂರು ತಿಂಗಳು ದಿನಾ ಎರಡು ಹೊತ್ತು ನುಂಗಿದರೆ ಐವತ್ತೆಂಟು ವರ್ಷದ ಹೆಂಗಸಿನ ಯಕೃತ್ತು ಏನೆನ್ನುತ್ತದೆ ಎಂದೂ ನೋಡಲಿಲ್ಲ. ಅದು ಅವರ ತಪ್ಪಲ್ಲ. ಒಂದು ಗಂಟೆಯ ಮಾಪನವನ್ನು ಆಯುಷ್ಯಪೂರ್ತಿಯ ಆಶ್ವಾಸನೆಯಾಗಿ ಮಾಡಿದ್ದು ಲೇಬಲ್ಲು. ಆ ಲೇಬಲ್ಲನ್ನು ಕನ್ನಡಕ್ಕೆ ತಂದದ್ದು ನನ್ನಂಥವರು. ಅಂದಹಾಗೆ, ಇಪ್ಪತ್ತು ಪಟ್ಟು ಎಂದಾಗ 'ಯಾವುದರ ಇಪ್ಪತ್ತು ಪಟ್ಟು' ಎಂದು ಕೇಳಬೇಕು. ಇಲ್ಲಿ ಉತ್ತರ: ಹೆಚ್ಚುಕಡಿಮೆ ಸೊನ್ನೆಯ ಇಪ್ಪತ್ತು ಪಟ್ಟು.

ನನ್ನ ಜಗಳ ಇರುವುದು ಇಲ್ಲಿ. ಈ ಡಬ್ಬಿಗೆ ಎರಡು ನಾಲಿಗೆ. ಮೊದಲನೆಯ ನಾಲಿಗೆ ಹೇಳುತ್ತದೆ: ಇದು ಅಡುಗೆಮನೆಯ ಅರಿಶಿನ, ಸಾವಿರಾರು ವರ್ಷದಿಂದ ತಿಂದಿದ್ದೇವೆ, ಸುರಕ್ಷಿತ. ಎರಡನೆಯದು ಹೇಳುತ್ತದೆ: ಇದು ಅಡುಗೆಮನೆಯ ಅರಿಶಿನದಂತೆ ವ್ಯರ್ಥವಾಗಿ ಹೊರಗೆ ಹೋಗುವುದಿಲ್ಲ, ಇಪ್ಪತ್ತು ಪಟ್ಟು ರಕ್ತಕ್ಕೆ ಸೇರುತ್ತದೆ. ಎರಡೂ ಏಕಕಾಲಕ್ಕೆ ನಿಜವಾಗಲು ಸಾಧ್ಯವಿಲ್ಲ. ಅಜ್ಜಿಯ ಅರಿಶಿನ ಸುರಕ್ಷಿತವಾಗಿದ್ದಕ್ಕೆ ಒಂದು ಮುಖ್ಯ ಕಾರಣವೇ ಅದು ರಕ್ತಕ್ಕೆ ಸೇರುತ್ತಿರಲಿಲ್ಲ ಎಂಬುದು. ದಿನಕ್ಕೆ ಎಂಟು ಗ್ರಾಂವರೆಗೆ ಕರ್ಕ್ಯುಮಿನ್ ಕೊಟ್ಟರೂ ತೊಂದರೆ ಕಾಣಲಿಲ್ಲ ಎಂದು ತೈವಾನಿನಲ್ಲಿ ಮಾಡಿದ 2001ರ ಪ್ರಯೋಗವನ್ನು ಮಾರುವವರು ಎತ್ತಿ ತೋರಿಸುತ್ತಾರೆ. ಅದು ಮೆಣಸಿನ ಸಾರ ಸೇರಿಸದ, ಹೀರಿಕೆ ಹೆಚ್ಚಿಸದ ಕರ್ಕ್ಯುಮಿನ್. ಆ ಸುರಕ್ಷತೆಯ ಪ್ರಮಾಣಪತ್ರವನ್ನು ಹೆಚ್ಚು ಹೀರಿಕೊಳ್ಳುವ ಸರಕಿಗೆ ಅಂಟಿಸುವುದು ಸೈಕಲ್ಲಿನ ಪರವಾನಗಿಯಲ್ಲಿ ಲಾರಿ ಓಡಿಸಿದಂತೆ.

ಲೆಕ್ಕವನ್ನೇ ಮಾಡಿ ನೋಡೋಣ. ಅರಿಶಿನಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇಕಡಾ 3. ನೀವು ದಿನಕ್ಕೆ ಒಂದು ಇಡೀ ಚಹಾ ಚಮಚ, ಅಂದರೆ ಸುಮಾರು 3 ಗ್ರಾಂ ಪುಡಿ ಒಬ್ಬರೇ ತಿಂದರೂ ಸಿಗುವುದು 90 ಮಿಲಿಗ್ರಾಂ. ನಾಲ್ಕು ಜನರ ಸಾರಿಗೆ ಕಾಲು ಚಮಚ ಹಾಕುವ ಮನೆಗಳಲ್ಲಿ ಅದಕ್ಕಿಂತ ಬಹಳ ಕಡಿಮೆ. ಮೌಶಿಯ ಡಬ್ಬಿಯ ಮೇಲೆ ಇದ್ದದ್ದು: ಪ್ರತಿ ಕ್ಯಾಪ್ಸೂಲಿಗೆ 500 ಮಿಲಿಗ್ರಾಂ ಸಾರ, ಅದರಲ್ಲಿ ಶೇಕಡಾ 95 ಕರ್ಕ್ಯುಮಿನಾಯ್ಡ್, ಜೊತೆಗೆ 5 ಮಿಲಿಗ್ರಾಂ ಪೈಪರಿನ್. ದಿನಕ್ಕೆ ಎರಡು ಎಂದರೆ 950 ಮಿಲಿಗ್ರಾಂ. ಪುಡಿಯ ರೂಪದಲ್ಲಿ ಇಷ್ಟು ಬೇಕೆಂದರೆ 30 ಗ್ರಾಂಗಿಂತ ಹೆಚ್ಚು, ಹತ್ತು ಚಮಚ ಅರಿಶಿನ ತಿನ್ನಬೇಕು. ಯಾವ ಅಜ್ಜಿ ಯಾವ ಮೊಮ್ಮಗಳಿಗೆ ದಿನಾ ಹತ್ತು ಚಮಚ ಅರಿಶಿನ ತಿನ್ನಿಸಿದ್ದಳು? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಯ ಜಂಟಿ ತಜ್ಞ ಸಮಿತಿ ಆಹಾರದಲ್ಲಿನ ಕರ್ಕ್ಯುಮಿನ್‌ಗೆ ಹಾಕಿದ ದೈನಂದಿನ ಮಿತಿ ದೇಹತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ. ಅರವತ್ತು ಕಿಲೋ ತೂಕದವರಿಗೆ 180. ಮೌಶಿ ನುಂಗುತ್ತಿದ್ದದ್ದು ಅದರ ಐದು ಪಟ್ಟು, ಅದೂ ನಾಕಾದ ಸಿಬ್ಬಂದಿಯ ಕೈ ಕಟ್ಟಿ.

ಇಲ್ಲಿ ಒಬ್ಬ ಜಾಣ ಓದುಗ ಎದ್ದು ನಿಲ್ಲುತ್ತಾರೆ: ಮೆಣಸಿನ ಸಾರಿನಲ್ಲೂ ಮೆಣಸು ಇದೆಯಲ್ಲ, ಕೆಮ್ಮಿಗೆ ಕೊಡುವ ಅರಿಶಿನದ ಹಾಲಿಗೂ ಕುಟ್ಟಿದ ಮೆಣಸು ಹಾಕುತ್ತೇವಲ್ಲ? ನಿಜ. ನಾಲ್ಕೆಂಟು ಕಾಳಿನಲ್ಲಿ ಕ್ಯಾಪ್ಸೂಲಿನಷ್ಟೇ ಪೈಪರಿನ್ ಇರಬಹುದು, ಹೆಚ್ಚೂ ಇರಬಹುದು. ಅದಕ್ಕೇ ನಾನು ಮೆಣಸನ್ನು ಖಳನಾಯಕ ಮಾಡುತ್ತಿಲ್ಲ. ಸಾರಿನಲ್ಲಿ ಮೆಣಸಿನ ಜೊತೆ ಇರುವ ಕರ್ಕ್ಯುಮಿನ್ ಹತ್ತಿಪ್ಪತ್ತು ಮಿಲಿಗ್ರಾಂ, ಅದೂ ವಾರಕ್ಕೊಮ್ಮೆ. ಕೆಮ್ಮು ಹೋದಮೇಲೆ ಹಾಲು ನಿಲ್ಲುತ್ತದೆ. ಕ್ಯಾಪ್ಸೂಲಿಗೆ ಆ ನಿಲುಗಡೆ ಇಲ್ಲ, ಅರವತ್ತರ ಡಬ್ಬಿ ಖಾಲಿಯಾದರೆ ಇನ್ನೊಂದು ಬರುತ್ತದೆ.

ಹಾಗಾದರೆ ಯಕೃತ್ತಿನ ತೊಂದರೆ ನಿಜಕ್ಕೂ ವರದಿಯಾಗಿದೆಯೇ? ಅಮೆರಿಕದಲ್ಲಿ ಔಷಧಿಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಆಸ್ಪತ್ರೆಗಳ ಜಾಲ ಒಂದಿದೆ, ಡಿಲಿನ್ ಎಂದು. ಅರಿಶಿನದಿಂದ ಎಂದು ತೀರ್ಮಾನಿಸಿದ ಹತ್ತು ಪ್ರಕರಣಗಳನ್ನು ಅದು 2022ರಲ್ಲಿ ಪ್ರಕಟಿಸಿತು. ಎಲ್ಲ ಹತ್ತೂ 2011ರ ನಂತರದವು, ಆರು 2017ರ ನಂತರದವು. ಎಂಟು ಮಂದಿ ಹೆಂಗಸರು. ಶುರುಮಾಡಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ಹಿಡಿದ ಮಧ್ಯಮ ಅವಧಿ 86 ದಿನ. ಐವರು ಆಸ್ಪತ್ರೆ ಸೇರಿದರು, ಒಬ್ಬರು ಯಕೃತ್ತು ವಿಫಲವಾಗಿ ತೀರಿಕೊಂಡರು. ದಸರೆಯಿಂದ ಸಂಕ್ರಾಂತಿಯ ದಿನ ಎಣಿಸಿದಾಗ ಆ 86ರ ಅಂಕಿ ನನಗೆ ಚುಚ್ಚಿತು.

ಆ ವರದಿಯಲ್ಲಿ ನನ್ನ ವಾದಕ್ಕೆ ತೊಡಕಾಗುವ ವಿಷಯವೂ ಇದೆ, ಅದನ್ನು ಬಚ್ಚಿಡುವುದಿಲ್ಲ. ಏಳು ಮಂದಿಯ ಕ್ಯಾಪ್ಸೂಲುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಏಳರಲ್ಲೂ ಅರಿಶಿನ ಸಿಕ್ಕಿತು, ಪೈಪರಿನ್ ಸಿಕ್ಕಿದ್ದು ಮೂರರಲ್ಲಿ. ಅಂದರೆ ಮೆಣಸಿಲ್ಲದೆಯೂ ಹಾನಿ ಆಗಬಹುದು. ಕರ್ಕ್ಯುಮಿನ್ ಒಳಸೇರಿಸಲು ಮೆಣಸೊಂದೇ ದಾರಿಯಲ್ಲ, ಕೊಬ್ಬಿನಂಥ ಲೆಸಿಥಿನ್ನಿಗೆ ಬೆಸೆಯುತ್ತಾರೆ, ನ್ಯಾನೋ ಕಣಗಳಾಗಿ ಮಾಡುತ್ತಾರೆ. ಹತ್ತರಲ್ಲಿ ಏಳು ಮಂದಿಗೆ ಎಚ್‌ಎಲ್‌ಎ-ಬಿ*35:01 ಎಂಬ ಒಂದು ವಂಶವಾಹಿ ರೂಪ ಇತ್ತು. ಅದು ದೇಹದ ರಕ್ಷಣಾವ್ಯವಸ್ಥೆಗೆ ಸಂಬಂಧಿಸಿದ್ದು, ಗ್ರೀನ್ ಟೀ ಸಾರದಿಂದಾದ ಯಕೃತ್ತಿನ ಹಾನಿಯಲ್ಲೂ ಕಾಣಿಸಿಕೊಂಡದ್ದು. ಆದ್ದರಿಂದ ಈ ಹಾನಿ ಎಲ್ಲರಿಗೂ ಆಗುವುದಿಲ್ಲ. ನುಂಗುವವರಲ್ಲಿ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ, ಮುನ್ಸೂಚನೆ ಇಲ್ಲದೆ ಆಗುತ್ತದೆ. 'ನಾನು ಎರಡು ವರ್ಷದಿಂದ ತಗೋತಿದೀನಿ, ಏನೂ ಆಗಿಲ್ಲ' ಎಂಬ ಸಾಕ್ಷ್ಯ ಮೌಶಿಯ ಪಾಲಿಗೆ ಯಾವ ಕೆಲಸಕ್ಕೂ ಬಾರದ್ದು ಅದಕ್ಕೇ.

ಬೇರೆ ದೇಶಗಳು ಸುಮ್ಮನಿಲ್ಲ. ಇಟಲಿಯಲ್ಲಿ ಇಪ್ಪತ್ತರಷ್ಟು ಹೆಪಟೈಟಿಸ್ ಪ್ರಕರಣಗಳು ಬಂದ ಮೇಲೆ ಅಲ್ಲಿನ ಆರೋಗ್ಯ ಸಚಿವಾಲಯ 2022ರಲ್ಲಿ ಅರಿಶಿನದ ಪೂರಕಗಳ ಮೇಲೆ ಎಚ್ಚರಿಕೆ ಕಡ್ಡಾಯ ಮಾಡಿತು, ಯಕೃತ್ತಿಗೆ ಒಳ್ಳೆಯದು ಎಂಬ ಹೇಳಿಕೆಯನ್ನು ತೆಗೆಸಿತು. ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ ಅದೇ ವರ್ಷ ನೂರಕ್ಕೂ ಹೆಚ್ಚು ದೂರುಗಳನ್ನು, ಅವುಗಳಲ್ಲಿ ಹದಿನೈದು ಹೆಪಟೈಟಿಸ್ ಪ್ರಕರಣಗಳನ್ನು ಪರಿಶೀಲಿಸಿತು. ಅರವತ್ತು ಕಿಲೋ ತೂಕದವರಿಗೆ ಪೂರಕದಿಂದ ದಿನಕ್ಕೆ 153 ಮಿಲಿಗ್ರಾಂ ಮೀರಬಾರದು ಎಂದಿತು. ಹೆಚ್ಚು ಹೀರಿಕೊಳ್ಳುವಂತೆ ಮಾಡಿದ ರೂಪಗಳ ಅಪಾಯದ ಬಗ್ಗೆ ಪ್ರತ್ಯೇಕವಾಗಿಯೇ ಎಚ್ಚರಿಸಿತು. ಆಸ್ಟ್ರೇಲಿಯಾದ ನಿಯಂತ್ರಕರು 2023ರಲ್ಲಿ ಹದಿನೆಂಟು ವರದಿಗಳ ಆಧಾರದ ಮೇಲೆ ಸಾರ್ವಜನಿಕ ಎಚ್ಚರಿಕೆ ಕೊಟ್ಟರು. ಇವು ಅರಿಶಿನವನ್ನು ಹೆಚ್ಚಾಗಿ ಬೆಳೆಯದ ದೇಶಗಳು. ಬೆಳೆದು, ಸಾರ ತೆಗೆದು, ಪುಡಿಮಾಡಿ ಅವರಿಗೆ ಕಳಿಸುವ ನಾವು ಏನು ಮಾಡಿದ್ದೇವೆ?

ನಾವು ಹೆಮ್ಮೆಪಟ್ಟುಕೊಂಡಿದ್ದೇವೆ. ಗಾಯಕ್ಕೆ ಅರಿಶಿನ ಎಂಬ ಜ್ಞಾನಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟಿದ್ದ ಪೇಟೆಂಟನ್ನು ನಮ್ಮ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ರದ್ದು ಮಾಡಿಸಿತು. ಆ ಗೆಲುವು ದೊಡ್ಡದು, ನ್ಯಾಯವಾದದ್ದು. ಆದರೆ ಅಲ್ಲಿ ಸಾಬೀತಾದದ್ದು ಅರಿಶಿನವನ್ನು ಗಾಯಕ್ಕೆ ಹಚ್ಚುವುದು ನಮ್ಮ ಹಳೆಯ ತಿಳಿವಳಿಕೆ ಎಂಬುದು. ಶೇಕಡಾ 95 ಸಾರವನ್ನು ಪೈಪರಿನ್ ಜೊತೆ ದಿನಾ ನುಂಗುವುದು ಯಾರ ಅಜ್ಜಿಯ ತಿಳಿವಳಿಕೆಯೂ ಅಲ್ಲ. ಅದಕ್ಕೆ ಮೂವತ್ತು ವರ್ಷದ ಇತಿಹಾಸವೂ ಸರಿಯಾಗಿ ಇಲ್ಲ. ಅಜ್ಜಿಯ ಹೆಸರಿನಲ್ಲಿ ಗೆದ್ದ ಮಾನವನ್ನು ಕಾರ್ಖಾನೆ ತನ್ನ ಡಬ್ಬಿಗೆ ಅಂಟಿಸಿಕೊಂಡಿದೆ.

ಹೌದು, ಕಾರ್ಖಾನೆ. ಎಂಐಡಿಸಿಯಲ್ಲಿ ಮನೆ ಮಾಡಿದವರಿಗೆ ಈ ಪದ ಬರೀ ಪದವಲ್ಲ. ಇಲ್ಲಿ 2016ರಲ್ಲಿ ಒಂದು ಸ್ಫೋಟ, 2024ರಲ್ಲಿ ಇನ್ನೊಂದು. 2020ರಲ್ಲಿ ಒಂದು ರಸ್ತೆ ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹಾಗಾಗಿ 'ಕೆಮಿಕಲ್' ಎಂದರೆ ನಮ್ಮ ಬೀದಿಯವರಿಗೆ ಮೈ ಜುಮ್ಮೆನ್ನುತ್ತದೆ, 'ನೈಸರ್ಗಿಕ' ಎಂದರೆ ಜೀವ ತಣ್ಣಗಾಗುತ್ತದೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಆದರೆ ಆ ಶೇಕಡಾ 95ರ ಪುಡಿ ಹೇಗೆ ತಯಾರಾಗುತ್ತದೆ? ಒಣಗಿದ ಅರಿಶಿನವನ್ನು ಪುಡಿಮಾಡಿ, ಈಥೈಲ್ ಅಸಿಟೇಟ್ ಅಥವಾ ಅಸಿಟೋನಿನಂಥ ದ್ರಾವಕದಲ್ಲಿ ನೆನೆಸಿ, ಬಣ್ಣವನ್ನು ಎಳೆದು, ದ್ರಾವಕವನ್ನು ಆವಿ ಮಾಡಿ, ಉಳಿದ ಅಂಟಿನಿಂದ ಹರಳುಗಟ್ಟಿಸುತ್ತಾರೆ. ಎಂಐಡಿಸಿಯವರಿಗೆ ಪರಿಚಿತವಾದ ಟ್ಯಾಂಕು, ಕೊಳವೆ, ಡ್ರಮ್ಮುಗಳದೇ ಲೋಕ. ಅದರಿಂದಲೇ ಅದು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಔಷಧಿಗಳೂ ಹಾಗೆಯೇ ಆಗುತ್ತವೆ. ಔಷಧಿಯಂತೆ ತಯಾರಾದದ್ದನ್ನು ಔಷಧಿಯಂತೆ ವಿಚಾರಿಸಿ ಎನ್ನುತ್ತಿದ್ದೇನೆ.

ಹಾಗೆ ವಿಚಾರಿಸುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಜಮ್ಮುವಿನ ಸರ್ಕಾರಿ ಪ್ರಯೋಗಾಲಯ ದಶಕಗಳ ಕಾಲ ಪೈಪರಿನ್ ಮೇಲೆ ಕೆಲಸ ಮಾಡಿತು. ಅದರ ಫಲವಾಗಿ ಕ್ಷಯರೋಗಕ್ಕೆ ಒಂದು ಮಾತ್ರೆ ಬಂತು. ಮಾಮೂಲು 450 ಮಿಲಿಗ್ರಾಂ ರಿಫಾಂಪಿಸಿನ್ ಮಾಡುವ ಕೆಲಸವನ್ನು 200 ಮಿಲಿಗ್ರಾಂನಲ್ಲಿ ಮಾಡಿಸುವುದು ಅದರ ಉದ್ದೇಶ, ಜೊತೆಗೆ ಇರುವುದು 10 ಮಿಲಿಗ್ರಾಂ ಪೈಪರಿನ್. ಅದನ್ನು ಔಷಧ ನಿಯಂತ್ರಕರ ಒಪ್ಪಿಗೆ ಪಡೆದೇ ಮಾರುಕಟ್ಟೆಗೆ ತಂದರು. ಇದರ ಅರ್ಥವೇನೆಂದು ನಿಧಾನವಾಗಿ ಯೋಚಿಸಿ. ಒಂದು ಪ್ರಬಲ ಔಷಧಿಯ ಡೋಸನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಲ್ಲದೆಂದು ನಂಬಿ ಮಾತ್ರೆಗೆ ಹಾಕಿದ 10 ಮಿಲಿಗ್ರಾಂ ವಸ್ತು, ದಿನಕ್ಕೆರಡು ಕ್ಯಾಪ್ಸೂಲು ನುಂಗುವ ಮೌಶಿಯ ಹೊಟ್ಟೆಗೂ ಸೇರುವ ಅದೇ 10 ಮಿಲಿಗ್ರಾಂ. ಮಾತ್ರೆಯಲ್ಲಿ ಅದು ನಿಯಂತ್ರಕರ ಮುಂದೆ ನಿಲ್ಲಬೇಕು, ಕ್ಯಾಪ್ಸೂಲಿನಲ್ಲಿ ಅದು ಅಡುಗೆಯ ಮಸಾಲೆ. ಅಪಸ್ಮಾರದ ಫೆನಿಟಾಯಿನ್, ಬಿಪಿ-ಹೃದಯಕ್ಕೆ ಕೊಡುವ ಪ್ರೊಪ್ರನೊಲಾಲ್, ಉಬ್ಬಸದ ಥಿಯೋಫಿಲಿನ್ ಇವುಗಳ ರಕ್ತದ ಮಟ್ಟವನ್ನೂ ಪೈಪರಿನ್ ಏರಿಸುತ್ತದೆ ಎಂದು ಮನುಷ್ಯರ ಮೇಲಿನ ಅಧ್ಯಯನಗಳೇ ತೋರಿಸಿವೆ. ಫೆನಿಟಾಯಿನ್ ಮತ್ತು ಥಿಯೋಫಿಲಿನ್‌ಗೆ ಔಷಧಿಯಾಗುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವೆ ಅಂತರ ಬಹಳ ಕಡಿಮೆ. ನಾಕಾದ ಸಿಬ್ಬಂದಿಯ ಕೈ ಕಟ್ಟಿದರೆ ಹಳದಿ ಗಾಡಿಯೊಂದೇ ದಾಟುವುದಿಲ್ಲ, ಹಿಂದೆ ಬರುವ ಎಲ್ಲ ಗಾಡಿಗಳೂ ದಾಟುತ್ತವೆ. ನಾನು ಬಿಟ್ಟುಬಿಟ್ಟ ಸಾಲು ಇದಕ್ಕೇ ಇತ್ತು.

ಇಂಗ್ಲಿಷ್ ಔಷಧಿಗಳೂ ಯಕೃತ್ತನ್ನು ಕೆಡಿಸುತ್ತವೆ ಎಂದು ಕೊನೆಯ ವಾದ ಬರುತ್ತದೆ. ಖಂಡಿತ ಕೆಡಿಸುತ್ತವೆ. ಕ್ಷಯದ ಮಾತ್ರೆಗಳು ಕೆಡಿಸುತ್ತವೆ, ಪ್ಯಾರಾಸಿಟಮಾಲ್ ಹೆಚ್ಚಾದರೆ ಕೆಡಿಸುತ್ತದೆ. ನಮಗೆ ಅದು ಗೊತ್ತಿರುವುದು ಔಷಧಿ ಎಂದು ಕರೆದು, ಅಡ್ಡಪರಿಣಾಮ ಎಣಿಸಿ, ಡಬ್ಬಿಯೊಳಗೆ ಬರೆದು ಇಟ್ಟಿರುವುದರಿಂದ. ಕ್ಷಯದ ಮಾತ್ರೆ ಕೊಡುವ ವೈದ್ಯರು ಕಣ್ಣು ಹಳದಿಯಾದರೆ ಕೂಡಲೇ ಬಾ ಎಂದು ಹೇಳಿ ಕಳಿಸುತ್ತಾರೆ. ಅರಿಶಿನದ ಡಬ್ಬಿ ಮಾರುವವರು ಏನು ಹೇಳಿ ಕಳಿಸಿದರು?

ನನ್ನ ಬೇಡಿಕೆ ದೊಡ್ಡದೇನಲ್ಲ. ನಿಷೇಧ ಕೇಳುತ್ತಿಲ್ಲ. ಒಂದು ಡಬ್ಬಿಯಲ್ಲಿ ಎಷ್ಟು ಮಿಲಿಗ್ರಾಂ ಕರ್ಕ್ಯುಮಿನ್, ಎಷ್ಟು ಪೈಪರಿನ್ ಇದೆ, ಅದು ಎಷ್ಟು ಚಮಚ ಅರಿಶಿನಕ್ಕೆ ಸಮ ಎಂದು ಮುಂಭಾಗದಲ್ಲಿ ಬರೆಯಲಿ. ಎಚ್ಚರಿಕೆಯನ್ನು ಕೊಳ್ಳುವವರ ಭಾಷೆಯಲ್ಲಿ, ಜಾಹೀರಾತಿನ ಅಕ್ಷರದಷ್ಟೇ ದಪ್ಪಕ್ಕೆ ಮುದ್ರಿಸಲಿ. ಹೀರಿಕೆ ಇಷ್ಟು ಪಟ್ಟು ಎಂದು ಹೇಳುವ ಕಂಪನಿ, ಆ ಇಷ್ಟು ಪಟ್ಟಿನ ಮಟ್ಟದಲ್ಲೇ ಸುರಕ್ಷತೆಯನ್ನು ತಿಂಗಳುಗಟ್ಟಲೆ ಪರೀಕ್ಷಿಸಿದ ದಾಖಲೆ ಕೊಡಲಿ. ಮತ್ತು ವೈದ್ಯರು 'ಔಷಧಿ ಏನು' ಎಂದು ಕೇಳುವುದರ ಜೊತೆಗೆ 'ಇನ್ನೇನು ನುಂಗುತ್ತೀರಿ' ಎಂದೂ ಕೇಳಲಿ. ಇಂಥ ಹಾನಿ ಕಂಡರೆ ಗಾಜಿಯಾಬಾದಿನಿಂದ ನಡೆಯುವ ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮಕ್ಕೆ ರೋಗಿಯೇ ದೂರು ಕೊಡಬಹುದು, ಅದಕ್ಕೆ ವೈದ್ಯರೇ ಆಗಬೇಕೆಂದಿಲ್ಲ. ನಾನು ಮೌಶಿಯ ಪರವಾಗಿ ಫಾರ್ಮು ತುಂಬಿದೆ. ಡಬ್ಬಿಯ ಬ್ಯಾಚ್ ಸಂಖ್ಯೆ ಬೇಕಾಗುತ್ತದೆ, ಎಸೆಯಬೇಡಿ.

ಈಗಾಗಲೇ ನುಂಗುತ್ತಿರುವವರಿಗೆ ಒಂದೇ ಮಾತು. ಕಾರಣವಿಲ್ಲದ ಸುಸ್ತು, ಊಟ ಸೇರದಿರುವುದು, ವಾಕರಿಕೆ, ಮೈ ತುರಿಕೆ, ಗಾಢ ಬಣ್ಣದ ಮೂತ್ರ, ಕಣ್ಣಿನ ಹಳದಿ ಇವುಗಳಲ್ಲಿ ಯಾವುದು ಕಂಡರೂ ಕ್ಯಾಪ್ಸೂಲು ನಿಲ್ಲಿಸಿ, ಡಬ್ಬಿಯನ್ನು ಕೈಯಲ್ಲಿ ಹಿಡಿದು ವೈದ್ಯರ ಬಳಿ ಹೋಗಿ. ಮೊದಲೇ ಯಕೃತ್ತು ಅಥವಾ ಪಿತ್ತಕೋಶದ ತೊಂದರೆ ಇದ್ದವರು ಶುರುವನ್ನೇ ಮಾಡಬೇಡಿ. ದಿನಾ ಬೇರೆ ಮಾತ್ರೆ ನುಂಗುವವರು ಪೈಪರಿನ್ ಇದೆಯೇ ಎಂದು ಡಬ್ಬಿಯ ಹಿಂಭಾಗ ಓದಿ, ವೈದ್ಯರನ್ನು ಕೇಳಿ. ಸಾರಿಗೆ ಹಾಕುವ ಅರಿಶಿನವನ್ನು ನಿಲ್ಲಿಸಬೇಕಾಗಿಲ್ಲ. ಮೌಶಿಯೂ ನಿಲ್ಲಿಸಿಲ್ಲ.

ಕಳೆದ ತಿಂಗಳು ಇನ್ನೊಂದು ಏಜೆನ್ಸಿಯಿಂದ ಇನ್ನೊಂದು ಅರಿಶಿನದ ಕಾಗದ ಬಂತು. ಈ ಸಲ ಆ ವಾಕ್ಯವನ್ನು ಹೀಗೆ ಅನುವಾದಿಸಿದೆ: 'ಇದರಲ್ಲಿರುವ ಮೆಣಸಿನ ಸಾರ ಕರ್ಕ್ಯುಮಿನ್ ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಸೇರುವಂತೆ ಮಾಡುತ್ತದೆ. ನೀವು ಸೇವಿಸುವ ಬೇರೆ ಔಷಧಿಗಳನ್ನೂ ಹಾಗೆ ಮಾಡಬಹುದು.' ಎರಡನೆಯ ವಾಕ್ಯ ಮೂಲದಲ್ಲಿ ಇಲ್ಲವಲ್ಲ ಎಂದು ಕೇಳಿದರು. ಮೊದಲನೆಯ ವಾಕ್ಯದ ಅರ್ಥದಲ್ಲೇ ಇದೆ ಎಂದು ಬರೆದೆ. ಕೆಲಸ ಬೇರೆಯವರಿಗೆ ಹೋಯಿತು. ಅವರು ಯಾವ ಕ್ರಿಯಾಪದ ಬಳಸಿದರೋ ನಾನು ನೋಡಿಲ್ಲ. 'ಮೈಗೆ ಹತ್ತುತ್ತದೆ' ಎಂದು ನಿಮ್ಮ ಡಬ್ಬಿಯಲ್ಲಿ ಕಂಡರೆ, ಅದು ನನ್ನ ಹಳೆಯ ತಪ್ಪು ಎಂದು ತಿಳಿಯಿರಿ.